ಸ್ವೇಡ್‌ಗೆ ಬ್ರಷ್, ಕ್ಯಾನ್ವಾಸಿಗೆ ನೊರೆ: ಕೆಸರಾದ ಶೂಗೆ ಯಾವ ವಿಧಾನ ಸರಿ?

ಮಳೆಗಾಲದಲ್ಲಿ ಶೂ ಕೆಸರಾಯಿತು ಅಂದರೆ ಮನೆಯಲ್ಲಿ ಎರಡು ಸಲಹೆ ಬರುತ್ತವೆ. ಒಬ್ಬರು ಈಗಲೇ ಒದ್ದೆ ಬಟ್ಟೆಯಲ್ಲಿ ಒರೆಸು ಅನ್ನುತ್ತಾರೆ. ಇನ್ನೊಬ್ಬರು ಬಟ್ಟೆ ಜೊತೆ ಮೆಷಿನ್ನಿಗೆ ಹಾಕು ಅನ್ನುತ್ತಾರೆ. ಪಾಲಿಶ್ ಹಾಕುವ ಕಪ್ಪು ಚರ್ಮದ ಶೂಗೆ ಮೊದಲನೆಯ ಸಲಹೆ ಸರಿ. ಸ್ವೇಡ್ ಶೂಗೆ ಎರಡೂ ತಪ್ಪು. ಕ್ಯಾನ್ವಾಸಿಗೆ ಎರಡನೆಯದು ಒಮ್ಮೊಮ್ಮೆ ನಡೆಯುತ್ತದೆ, ಬಹಳ ಸಲ ಕೆಡಿಸುತ್ತದೆ.

ಕಷ್ಟ ಜಾಸ್ತಿ ಇರುವುದು ಎರಡೂ ಸೇರಿರುವ ಶೂಗಳಲ್ಲಿ. ಮುಂದುಗಡೆ ಬೆರಳಿನ ಭಾಗ ಮತ್ತು ಹಿಮ್ಮಡಿ ಸ್ವೇಡ್, ಪಕ್ಕದ ಭಾಗ ಕ್ಯಾನ್ವಾಸ್, ಕೆಳಗೆ ಬಿಳಿ ರಬ್ಬರ್ ಅಂಚು. ವ್ಯಾನ್ಸ್ ಕಂಪನಿಯ ಓಲ್ಡ್ ಸ್ಕೂಲ್ ಶೂ 1977ರಿಂದ ಹೆಚ್ಚುಕಡಿಮೆ ಇದೇ ರೂಪದಲ್ಲಿದೆ. ಅದೇ ಮಾದರಿಯ ಶೂಗಳು ಈಗ ನಮ್ಮ ಎಲ್ಲ ಊರಿನ ಅಂಗಡಿಗಳಲ್ಲೂ ಸಿಗುತ್ತವೆ. ಒಂದೇ ಶೂನಲ್ಲಿ ಒಂದು ಭಾಗ ನೀರು ಬೇಡ ಅನ್ನುತ್ತದೆ, ಇನ್ನೊಂದು ಭಾಗ ನೀರಿಲ್ಲದೆ ಚೊಕ್ಕಟವಾಗುವುದಿಲ್ಲ. ಇಂಥ ಒಂದು ಜೋಡಿಯನ್ನು ಸರಿಯಾಗಿ ಶುಚಿ ಮಾಡಲು ಬಂದರೆ ಬರೀ ಸ್ವೇಡ್, ಬರೀ ಕ್ಯಾನ್ವಾಸ್ ಶೂ ಸುಲಭ. ಹಾಗಾಗಿ ಅದನ್ನೇ ಗುರಿ ಇಟ್ಟುಕೊಂಡು ಒಂದೊಂದೇ ವಿಧಾನ ಹೋಲಿಸಿ ನೋಡೋಣ.

ನಿಜವಾದ ಸ್ವೇಡ್ ಹೌದೋ ಅಲ್ಲವೋ

ಇದು ಗೊತ್ತಿಲ್ಲದೆ ಕೈ ಹಾಕಬೇಡಿ. ಸ್ವೇಡ್ ಅಂದರೆ ಚರ್ಮದ ಒಳಮೈಯನ್ನು ಉಜ್ಜಿ, ಸಣ್ಣ ಸಣ್ಣ ಎಳೆಗಳು ಎದ್ದು ನಿಲ್ಲುವ ಹಾಗೆ ಮಾಡಿದ್ದು. ಹೊರಮೈಯನ್ನು ಉಜ್ಜಿ ಮಾಡಿದರೆ ಅದು ನುಬಕ್. ಅದರ ಎಳೆ ಇನ್ನೂ ಚಿಕ್ಕದು, ಬೇಗ ಸವೆಯುತ್ತದೆ. ಆರೈಕೆ ಎರಡಕ್ಕೂ ಒಂದೇ, ನುಬಕ್‌ಗೆ ಕೈ ಇನ್ನೂ ಹಗುರ ಇರಬೇಕು ಅಷ್ಟೇ. ಮೂರನೆಯದು ಪಾಲಿಯೆಸ್ಟರ್ ಎಳೆಯಿಂದ ಮಾಡಿದ ಕೃತಕ ಸ್ವೇಡ್. ಅದು ಬಟ್ಟೆಯೇ. ಸೋಪಿನ ನೀರಿನಲ್ಲಿ ಮೆತ್ತಗೆ ಉಜ್ಜಿದರೆ ಏನೂ ಆಗುವುದಿಲ್ಲ.

ಗುರುತಿಸಲು ಸುಲಭದ ದಾರಿ ಶೂ ಒಳಗಡೆ ಅಥವಾ ಡಬ್ಬದ ಮೇಲೆ ಇರುವ ಚಿಕ್ಕ ಚಿಹ್ನೆ. ಯುರೋಪಿನ ನಿಯಮದಂತೆ ಹಾಕುವ ಈ ಚಿಹ್ನೆಗಳು ನಮ್ಮಲ್ಲಿ ಮಾರುವ ಬಹಳಷ್ಟು ಶೂಗಳಲ್ಲೂ ಇರುತ್ತವೆ. ಹರಡಿದ ತೊಗಲಿನ ಆಕಾರ ಇದ್ದರೆ ಚರ್ಮ. ಹೆಣೆದ ಜಾಲರಿಯ ಹಾಗಿದ್ದರೆ ಬಟ್ಟೆ. ಬರೀ ವಜ್ರದ ಆಕಾರ ಇದ್ದರೆ ಬೇರೆ ವಸ್ತು, ಅಂದರೆ ಸಾಮಾನ್ಯವಾಗಿ ಕೃತಕ. ಚಿಹ್ನೆ ಅಳಿಸಿಹೋಗಿದ್ದರೆ ಹೊಲಿಗೆಯ ಪಕ್ಕ, ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿಂದ ಕೆಳಗಿನವರೆಗೂ ಒಂದೇ ಥರದ ಜುಂಜು ಕಂಡರೆ ಚರ್ಮ. ಕೆಳಗೆ ನೇಯ್ಗೆಯ ಗೆರೆ ಕಂಡರೆ ಕೃತಕ.

ಸ್ವೇಡ್: ಒಣ ಬ್ರಷ್ಷೋ ಒದ್ದೆ ಬಟ್ಟೆಯೋ

ಒಣ ಬ್ರಷ್ಷೇ ಮೊದಲು, ಯಾವಾಗಲೂ. ಕೆಸರು ಹಸಿಯಾಗಿರುವಾಗ ಒರೆಸಿದರೆ ಮಣ್ಣಿನ ಸಣ್ಣ ಕಣಗಳು ಎಳೆಗಳ ಬುಡಕ್ಕೆ ಇಳಿಯುತ್ತವೆ. ಅಲ್ಲಿಂದ ಅವನ್ನು ಹೊರಗೆ ತರುವುದು ಕಷ್ಟ. ಅದೇ ಕೆಸರನ್ನು ರಾತ್ರಿಯಿಡೀ ಫ್ಯಾನಿನ ಕೆಳಗೆ ಒಣಗಲು ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಬೆರಳಲ್ಲಿ ಒತ್ತಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಉಳಿದದ್ದು ಬ್ರಷ್ಷಿಗೆ ಬರುತ್ತದೆ. ತಾಳ್ಮೆ ಬೇಕು, ಬೇರೇನೂ ಬೇಡ.

ಬ್ರಷ್ ಯಾವುದು? ಅಂಗಡಿಯಲ್ಲಿ ಸ್ವೇಡ್ ಬ್ರಷ್ ಅಂತ ಕೊಡುವುದರಲ್ಲಿ ಸಾಮಾನ್ಯವಾಗಿ ಒಂದು ಕಡೆ ಹಿತ್ತಾಳೆ ತಂತಿ, ಇನ್ನೊಂದು ಕಡೆ ನೈಲಾನ್ ಅಥವಾ ರಬ್ಬರ್ ಇರುತ್ತದೆ. ದಿನದ ಧೂಳಿಗೆ ರಬ್ಬರ್ ಅಥವಾ ನೈಲಾನ್ ಸಾಕು. ಹಿತ್ತಾಳೆ ತಂತಿ ಇರುವುದು ಸವೆದು ನುಣುಪಾಗಿ ಹೊಳೆಯುತ್ತಿರುವ ಜಾಗಕ್ಕೆ ಮಾತ್ರ. ಬೆರಳ ತುದಿ ಮಡಿಸುವಲ್ಲಿ, ಎರಡು ಕಾಲು ಒಂದಕ್ಕೊಂದು ಉಜ್ಜುವಲ್ಲಿ ಹಾಗಾಗುತ್ತದೆ. ಅಲ್ಲೂ ನಾಲ್ಕೈದು ಸಲ ಹಗುರವಾಗಿ ಎಳೆದು ನಿಲ್ಲಿಸಿ. ತಂತಿಯಲ್ಲಿ ಇಡೀ ಶೂ ಉಜ್ಜಿದರೆ ಎಳೆ ಕಿತ್ತು ಬರುತ್ತದೆ, ಬಣ್ಣವೂ ತೆಳುವಾಗುತ್ತದೆ. ಬ್ರಷ್ಷಿನ ಮೇಲೆ ಶೂ ಬಣ್ಣದ ನಯವಾದ ಪುಡಿ ಕೂರುತ್ತಿದ್ದರೆ ನೀವು ಕೊಳೆಯನ್ನಲ್ಲ, ಸ್ವೇಡನ್ನೇ ತೆಗೆಯುತ್ತಿದ್ದೀರಿ ಅಂತ ಅರ್ಥ.

ಬ್ರಷ್ಷಿಗೆ ಬಾರದ ಕಪ್ಪು ಗೆರೆಗೆ ರಬ್ಬರ್ ಒಳ್ಳೆಯದು. ಸ್ವೇಡ್‌ಗೆಂದೇ ಮಾರುವ ರಬ್ಬರ್ ಸಿಗದಿದ್ದರೆ ಮಕ್ಕಳ ಪೆನ್ಸಿಲ್ ಬಾಕ್ಸಿನ ಬಿಳಿ ರಬ್ಬರ್ ನಡೆಯುತ್ತದೆ. ಬಣ್ಣದ ರಬ್ಬರ್ ಬೇಡ, ಅದರ ಬಣ್ಣ ಅಂಟಬಹುದು. ಉಜ್ಜಿದ ಮೇಲೆ ರಬ್ಬರಿನ ಪುಡಿಯನ್ನು ಬ್ರಷ್ಷಿನಲ್ಲಿ ಕೊಡವಿ.

ಇನ್ನು ನೀರಿನ ವಿಷಯ. ಸ್ವೇಡ್ ಮೇಲೆ ನಾಲ್ಕು ಹನಿ ಮಳೆ ಬಿದ್ದು ಒಣಗಿದರೆ ಅಂಚಿನಲ್ಲಿ ಕಪ್ಪು ಗೆರೆಯ ಉಂಗುರ ಉಳಿಯುತ್ತದೆ ಅಲ್ವಾ. ನೀರು ಆ ಜಾಗದ ಬಣ್ಣವನ್ನೂ ಕೊಳೆಯನ್ನೂ ಕರಗಿಸಿಕೊಂಡು ಒಣಗುವ ಅಂಚಿನ ಕಡೆ ಹರಿಯುತ್ತದೆ. ನೀರು ಆವಿಯಾದ ಮೇಲೆ ಅದೆಲ್ಲ ಅಂಚಲ್ಲೇ ನಿಲ್ಲುತ್ತದೆ. ಅಂದರೆ ಕಲೆ ಮಾಡಿದ್ದು ನೀರಲ್ಲ, ಒದ್ದೆ ಮತ್ತು ಒಣ ಜಾಗದ ನಡುವಿನ ಗಡಿ. ಇದು ಗೊತ್ತಾದರೆ ಪರಿಹಾರವೂ ಗೊತ್ತಾಗುತ್ತದೆ. ಒಂದು ಹೊಲಿಗೆಯಿಂದ ಮುಂದಿನ ಹೊಲಿಗೆಯವರೆಗಿನ ಇಡೀ ತುಂಡನ್ನು ಸ್ಪ್ರೇ ಬಾಟಲಿಯಿಂದ ತೆಳ್ಳಗೆ, ಒಂದೇ ಸಮ ಒದ್ದೆ ಮಾಡಿ. ನೀರು ತೊಟ್ಟಿಕ್ಕಬಾರದು. ಬಿಳಿ ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ತೆಗೆಯಿರಿ, ಒರೆಸಬೇಡಿ. ಒಳಗೆ ಕಾಗದ ತುಂಬಿ ನೆರಳಲ್ಲಿ ಬಿಡಿ. ಪೂರ್ತಿ ಒಣಗಿದ ಮೇಲೆ ಬ್ರಷ್ ಮಾಡಿ. ಈಗ ಗಡಿ ಹೊಲಿಗೆಯ ಮೇಲೆ ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ನೀರಿಗೂ ಹೋಗದ ಕಲೆಗೆ ಬಿಳಿ ವಿನೆಗರ್ ಮತ್ತು ಸರ್ಜಿಕಲ್ ಸ್ಪಿರಿಟ್ ಎರಡನ್ನೂ ಜನ ಹೇಳುತ್ತಾರೆ. ಎರಡರ ಕೆಲಸ ಬೇರೆ. ನೀರು, ಉಪ್ಪು, ಬೆವರಿನ ಬಿಳಿ ಗೆರೆಗೆ ವಿನೆಗರ್ ಸರಿ. ಕಿರಾಣಿ ಅಂಗಡಿಯ ಬಿಳಿ ವಿನೆಗರನ್ನು ಸಮ ನೀರಿಗೆ ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ ಒತ್ತಿ. ವಾಸನೆ ಒಂದು ದಿನದಲ್ಲಿ ಹೋಗುತ್ತದೆ. ಸ್ಪಿರಿಟ್ ಇರುವುದು ಬಾಲ್ ಪೆನ್ನಿನ ಇಂಕಿಗೆ. ಅದು ಇಂಕನ್ನು ಕರಗಿಸುತ್ತದೆ, ಜೊತೆಗೆ ಸ್ವೇಡಿನ ಬಣ್ಣವನ್ನೂ ಎಳೆದು ತರಬಹುದು. ಹಾಗಾಗಿ ನಾಲಿಗೆಯ ಒಳಭಾಗದಲ್ಲಿ, ಯಾರಿಗೂ ಕಾಣದ ಕಡೆ, ಇಯರ್‌ಬಡ್ಡಿನಲ್ಲಿ ಮುಟ್ಟಿಸಿ ನೋಡಿ. ಬಡ್ಡಿಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ತಿಳಿ ಬಣ್ಣದ ಸ್ವೇಡ್‌ಗೆ ನಾನು ಸ್ಪಿರಿಟ್ ಹೇಳುವುದೇ ಇಲ್ಲ. ಇಂಕಿನ ಚುಕ್ಕೆಗಿಂತ ಬಣ್ಣ ಹೋದ ಬಿಳಿ ಮಚ್ಚೆ ಜಾಸ್ತಿ ಕಾಣುತ್ತದೆ.

ಸ್ವೇಡ್ ಮೇಲೆ ಶೂ ಪಾಲಿಶ್ ಹಾಕಬೇಡಿ. ಮೇಣ ಎಳೆಗಳನ್ನು ಒಟ್ಟಿಗೆ ಅಂಟಿಸಿ ಮಲಗಿಸುತ್ತದೆ, ಆಮೇಲೆ ಬ್ರಷ್ ಮಾಡಿದರೂ ಅವು ಏಳುವುದಿಲ್ಲ.

ಎಣ್ಣೆ ಬಿದ್ದರೆ

ಬಜ್ಜಿ ತಿನ್ನುವಾಗ, ಬೈಕ್ ಚೈನ್ ಹತ್ತಿರ ನಿಂತಾಗ ಸ್ವೇಡ್ ಮೇಲೆ ಎಣ್ಣೆ ಹನಿ ಬೀಳುತ್ತದೆ. ಇಲ್ಲಿ ಸೋಪು, ಪುಡಿ ಎರಡರ ನಡುವೆ ಆಯ್ಕೆ. ಪುಡಿಯನ್ನೇ ಆರಿಸಿಕೊಳ್ಳಿ. ಸೋಪಿನ ನೀರು ಎಣ್ಣೆಯನ್ನು ತೆಳು ಮಾಡಿ ಅಗಲ ಮಾಡುತ್ತದೆ, ಮೇಲಿಂದ ನೀರಿನ ಉಂಗುರ ಬೇರೆ. ಮೊದಲು ಟಿಶ್ಯೂ ಒತ್ತಿ ಬಂದಷ್ಟು ಎಣ್ಣೆ ತೆಗೆಯಿರಿ. ಆಮೇಲೆ ಕಾರ್ನ್‌ಫ್ಲೋರ್ ಅಥವಾ ಟಾಲ್ಕಂ ಪೌಡರನ್ನು ಕಲೆ ಮುಚ್ಚುವಷ್ಟು ದಪ್ಪಗೆ ಹಾಕಿ, ಬೆರಳಲ್ಲಿ ಮೆತ್ತಗೆ ಒತ್ತಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪುಡಿ ಗಂಟು ಗಂಟಾಗಿ ಬಣ್ಣ ತಿರುಗಿದ್ದರೆ ಎಣ್ಣೆ ಹೀರಿದೆ ಅಂತ ಅರ್ಥ. ಕೊಡವಿ, ಮತ್ತೆ ಹೊಸ ಪುಡಿ ಹಾಕಿ. ಪುಡಿ ಒಣಗಿ ಬಿಳಿಯಾಗಿಯೇ ಉಳಿಯುವ ತನಕ ಹೀಗೇ ಮಾಡಿ.

ಕಪ್ಪು, ಕಡು ನೀಲಿ ಸ್ವೇಡ್‌ನಲ್ಲಿ ಪುಡಿಯ ಬಿಳಿ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹೆದರಬೇಡಿ, ನಾಲ್ಕು ದಿಕ್ಕಿಗೂ ಬ್ರಷ್ ಮಾಡಿದರೆ ಹೋಗುತ್ತದೆ. ಹೋಗದಿದ್ದರೆ ಕುದಿಯುವ ಕೆಟಲ್ಲಿನ ಆವಿಗೆ ಒಂದು ಗೇಣು ದೂರದಿಂದ ಎರಡು ಮೂರು ಸೆಕೆಂಡ್ ತೋರಿಸಿ, ಆರಿದ ಮೇಲೆ ಬ್ರಷ್ ಮಾಡಿ. ಮಲಗಿದ ಎಳೆ ಏಳಿಸಲೂ ಈ ಆವಿ ಒಳ್ಳೆಯದು. ತಂತಿ ಬ್ರಷ್ಷಿಗಿಂತ ಇದರಲ್ಲಿ ಅಪಾಯ ಕಡಿಮೆ. ಕೈ ಸುಡದ ಹಾಗೆ ನೋಡಿಕೊಳ್ಳಿ, ಜಾಸ್ತಿ ಹೊತ್ತು ಹಿಡಿಯಬೇಡಿ.

ಕ್ಯಾನ್ವಾಸ್: ಕೈಯೋ ಮೆಷಿನ್ನೋ

ಬರೀ ಕ್ಯಾನ್ವಾಸ್ ಮತ್ತು ರಬ್ಬರ್ ಇರುವ, ಸ್ವೇಡ್ ಚೂರೂ ಇಲ್ಲದ ಶೂ ಆದರೆ ಮೆಷಿನ್ ಒಂದು ಆಯ್ಕೆಯೇ. ಲೇಸ್, ಇನ್‌ಸೋಲ್ ತೆಗೆದು, ಜಾಲರಿ ಚೀಲಕ್ಕೆ ಹಾಕಿ, ಜೊತೆಗೆ ಎರಡು ಹಳೇ ಟವೆಲ್ ಹಾಕಿ, ತಣ್ಣೀರು, ಜೆಂಟಲ್ ಸೈಕಲ್, ಕಡಿಮೆ ಸ್ಪಿನ್. ಇಷ್ಟು ಎಚ್ಚರ ವಹಿಸಿದರೆ ಒಮ್ಮೊಮ್ಮೆ ಹಾಕಬಹುದು. ಆದರೆ ಪ್ರತಿ ಸಲವೂ ಡ್ರಮ್ಮಿನಲ್ಲಿ ಬಿದ್ದು ಬಿದ್ದು ಹಿಮ್ಮಡಿಯ ಒಳಗಿನ ಗಟ್ಟಿ ತುಂಡು ಮಡಚುತ್ತದೆ, ರಬ್ಬರ್ ಅಂಚು ಮತ್ತು ಬಟ್ಟೆ ಸೇರುವ ಕಡೆ ಅಂಟು ಬಿಡಲು ಶುರುವಾಗುತ್ತದೆ. ಶೂ ಮಡಿಸಿದಾಗ ಚಿಕ್ಕಬೆರಳಿನ ಪಕ್ಕ ಕೂದಲೆಳೆಯಷ್ಟು ಬಿರುಕು ಕಂಡರೆ ಅದೇ ಮೊದಲ ಗುರುತು. ಆಮೇಲೆ ಮೆಷಿನ್ನಿಗೆ ಹಾಕಲೇಬೇಡಿ.

ಕುಗ್ಗುವುದಕ್ಕೆ ಮುಖ್ಯ ಕಾರಣ ಬಿಸಿ ಮತ್ತು ಅಲುಗಾಟ. ಹತ್ತಿ ನೂಲು ನೀರು ಕುಡಿದು ದಪ್ಪಗಾಗುತ್ತದೆ, ಹಾಗೆ ಆದಾಗ ನೇಯ್ಗೆ ಬಿಗಿಯುತ್ತದೆ. ಅಂಗಿಯಾದರೆ ಎಲ್ಲ ಕಡೆ ಒಂದೇ ಸಮ ಕುಗ್ಗೀತು. ಶೂನಲ್ಲಿ ಕೆಳಗಡೆ ರಬ್ಬರ್ ಅಲ್ಲಾಡದೆ ಹಿಡಿದುಕೊಂಡಿರುತ್ತದೆ, ಮೇಲುಗಡೆ ಬಟ್ಟೆ ಎಳೆಯುತ್ತದೆ. ಅದಕ್ಕೇ ಮುಂದಿನ ತುದಿ ಮೇಲಕ್ಕೆ ಬಾಗುತ್ತದೆ, ಬೆರಳು ಒತ್ತುತ್ತದೆ. ಇದನ್ನು ತಡೆಯಲು ಎರಡೇ ದಾರಿ. ನೀರು ಉಗುರು ಬೆಚ್ಚಗಿನದಕ್ಕಿಂತ ಬಿಸಿ ಇರಬಾರದು. ಒಣಗುವಾಗ ಒಳಗೆ ಕಾಗದ ಗಿಡಿದು ಶೂ ತನ್ನ ಅಳತೆಯಲ್ಲೇ ಇರುವ ಹಾಗೆ ಮಾಡಬೇಕು.

ಬಕೆಟ್ಟಿನಲ್ಲಿ ಗಂಟೆಗಟ್ಟಲೆ ನೆನೆಸಿಡುವುದೂ ಬೇಡ. ಒಳಗಿನ ಅಂಟು ಮೆತ್ತಗಾಗುತ್ತದೆ, ಅಂಟಿನ ಮತ್ತು ಒಳಪದರದ ಬಣ್ಣ ಬಟ್ಟೆಗೆ ಏರುತ್ತದೆ. ನನ್ನ ಆಯ್ಕೆ ಕೈ ಮತ್ತು ನೊರೆ. ಅರ್ಧ ಲೀಟರ್ ಉಗುರು ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಲಿಕ್ವಿಡ್ ಡಿಟರ್ಜೆಂಟ್. ಕೈಯಾಡಿಸಿ ನೊರೆ ಬರಿಸಿ. ಹಳೇ ಟೂತ್‌ಬ್ರಷ್ಷಿನಲ್ಲಿ ನೊರೆಯನ್ನಷ್ಟೇ ತೆಗೆದುಕೊಂಡು ಅಂಗೈ ಅಗಲದಷ್ಟು ಜಾಗ ಉಜ್ಜಿ, ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಂದಿನ ಜಾಗಕ್ಕೆ ಹೋಗಿ. ನಿಧಾನ ಹೌದು. ಆದರೆ ನೀರು ಇನ್‌ಸೋಲಿನವರೆಗೆ ಇಳಿಯುವುದಿಲ್ಲ, ಬೇಗ ಒಣಗುತ್ತದೆ, ವಾಸನೆ ಬರುವುದಿಲ್ಲ.

ಯಾವುದರಲ್ಲಿ ತೊಳೆಯುವುದು

ಬಿಳಿ ಕ್ಯಾನ್ವಾಸ್ ಅಂದ ಕೂಡಲೇ ಬ್ಲೀಚಿಂಗ್ ಪೌಡರ್ ನೆನಪಾಗುತ್ತದೆ. ಅದು ಬೇಡ. ನಮ್ಮ ಕಡೆಯ ಕೆಂಪು ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನ ಜಾತಿ. ಬ್ಲೀಚ್ ಮಾಡುವ ಕೆಲಸವೇ ಆಕ್ಸೈಡ್ ಆಗಿಸುವುದು. ಈಗಾಗಲೇ ಆಗಿರುವುದರ ಮೇಲೆ ಅದರ ಆಟ ನಡೆಯುವುದಿಲ್ಲ. ನೀರಿನಲ್ಲಿ ಕಬ್ಬಿಣ ಇರುವ ಬೋರ್‌ವೆಲ್ ಆದರೆ ಬ್ಲೀಚ್ ಆ ಕಬ್ಬಿಣವನ್ನೂ ತುಕ್ಕು ಮಾಡಿ ಬಟ್ಟೆಗೆ ಕೂರಿಸುತ್ತದೆ. ಬಿಳಿ ಮಾಡಲು ಹೋಗಿ ಹಳದಿ ಆಯಿತು ಅನ್ನುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಜೊತೆಗೆ ಹತ್ತಿ ನೂಲು, ರಬ್ಬರ್ ಎರಡೂ ಬಡವಾಗುತ್ತವೆ.

ಕೆಂಪು ಮಣ್ಣಿನ ಛಾಯೆಗೆ ಹುಳಿ ಬೇಕು. ಒಂದು ಲೋಟ ನೀರಿಗೆ ಅರ್ಧ ನಿಂಬೆಹಣ್ಣಿನ ರಸ. ನೊರೆಯಲ್ಲಿ ಉಜ್ಜಿ ಮಣ್ಣು ಬಿಡಿಸಿದ ಮೇಲೆ, ಉಳಿದ ಕೆಂಪಿನ ಮೇಲೆ ಮಾತ್ರ ಇದನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ. ಒಂದೇ ಸಲಕ್ಕೆ ಪೂರ್ತಿ ಹೋಗುವುದಿಲ್ಲ, ತಿಳಿಯಾಗುತ್ತದೆ. ಲೇಸ್ ತೂರಿಸುವ ಲೋಹದ ಕಣ್ಣುಗಳಿಗೆ ಹುಳಿ ತಾಗಿ ಹಾಗೇ ಉಳಿದರೆ ತುಕ್ಕು ಬರುತ್ತದೆ, ಅಲ್ಲಿ ಎಚ್ಚರ. ಬಣ್ಣದ ಕ್ಯಾನ್ವಾಸಿಗೆ ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ.

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಹಚ್ಚಿ ಅನ್ನುವ ಸಲಹೆ ಎಲ್ಲೆಡೆ ಓಡಾಡುತ್ತದೆ. ಬುಸ್ ಅಂತ ನೊರೆ ಬರುವುದು ನೋಡಲು ಚೆನ್ನ. ಆದರೆ ಕ್ಷಾರ ಮತ್ತು ಹುಳಿ ಒಂದನ್ನೊಂದು ತಿಂದುಹಾಕುತ್ತವೆ, ಕೊನೆಗೆ ಉಳಿಯುವುದು ಉಪ್ಪಿನಂಥ ನೀರು. ಬೇರೆ ಬೇರೆಯಾಗಿ ಬಳಸಿ. ಸೋಡಾಕ್ಕೆ ಸ್ವಲ್ಪ ನೀರು ಕಲಸಿ ಪೇಸ್ಟ್ ಮಾಡಿದರೆ ಬಿಳಿ ರಬ್ಬರ್ ಅಂಚು ಉಜ್ಜಲು ತುಂಬಾ ಒಳ್ಳೆಯದು. ಹುಳಿ ಕ್ಯಾನ್ವಾಸಿಗಿರಲಿ.

ಸಾಂಬಾರ್ ಚೆಲ್ಲಿದ್ದರೆ ಕಥೆ ಬೇರೆ. ಸೋಪು ತಾಗಿದ ಕೂಡಲೇ ಹಳದಿ ಕಲೆ ಕೆಂಪಗಾಗುತ್ತದೆ. ಅರಿಶಿನ ಕ್ಷಾರಕ್ಕೆ ತಿರುಗುವ ಬಣ್ಣ ಅದು, ಹೊಸ ಕಲೆಯಲ್ಲ. ಸೋಪು ಪೂರ್ತಿ ತೆಗೆದರೆ ಮತ್ತೆ ಹಳದಿಗೆ ಬರುತ್ತದೆ. ಆ ಉಳಿದ ಹಳದಿಯನ್ನು ಬಿಸಿಲು ತಿನ್ನುತ್ತದೆ. ಬಿಳಿ ಕ್ಯಾನ್ವಾಸನ್ನು ಬಿಸಿಲಿಗೆ ಇಡಿ ಅಂತ ನಾನು ಹೇಳುವುದು ಇದೊಂದೇ ಕಲೆಗೆ, ಅದೂ ಸೋಪಿನ ಅಂಶ ಚೂರೂ ಇಲ್ಲದ ಹಾಗೆ ತೆಗೆದ ಮೇಲೆ, ಬೆಳಗಿನ ಬಿಸಿಲಲ್ಲಿ, ಕಲೆ ಮೇಲ್ಮುಖ ಮಾಡಿ.

ಶಾಲೆಯ ಬಿಳಿ ಪಿಟಿ ಶೂಗೆ ಹಚ್ಚುವ ಬಿಳಿ ಲಿಕ್ವಿಡ್, ಚಾಕ್‌ಪೀಸ್, ಕೊನೆಯ ನೀರಿಗೆ ನೀಲಿ, ಇವು ಮೂರೂ ಶುಚಿ ಮಾಡುವುದಿಲ್ಲ, ಮುಚ್ಚುತ್ತವೆ. ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಸಾಲಿನಲ್ಲಿ ನಿಲ್ಲಬೇಕಾದ ಮಗುವಿಗೆ ಅಷ್ಟು ಸಾಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಳೆಯ ಮೇಲೆ ಬಿಳಿ ಹಚ್ಚುತ್ತಾ ಹೋದರೆ ಪದರ ದಪ್ಪವಾಗಿ ಮಡಿಸುವ ಕಡೆ ಒಡೆದು ಉದುರುತ್ತದೆ. ಒಗೆದು ಒಣಗಿಸಿ ಆಮೇಲೆ ತೆಳ್ಳಗೆ ಹಚ್ಚಿ. ನೀಲಿಯನ್ನು ನೇರ ಶೂ ಮೇಲೆ ಹನಿಸಬೇಡಿ, ಆ ಮಚ್ಚೆ ಹೋಗಿಸುವುದು ದೊಡ್ಡ ಕೆಲಸ.

ಒಣಗಿಸುವಾಗಲೇ ಹೆಚ್ಚು ಹಾಳಾಗುವುದು

ಬಿಳಿ ಶೂ ತೊಳೆದಾಗ ಬೆಳ್ಳಗೆ ಕಾಣುತ್ತದೆ, ಒಣಗಿದ ಮೇಲೆ ಹೊಲಿಗೆ ಉದ್ದಕ್ಕೂ, ರಬ್ಬರ್ ಅಂಚಿನ ಮೇಲೂ ಹಳದಿ ಗೆರೆ. ಇದು ಸ್ವೇಡಿನ ಉಂಗುರದ ಅಣ್ಣ. ಬಟ್ಟೆಯಲ್ಲಿ ಉಳಿದ ಸೋಪು, ಒಳಗಿನ ಅಂಟಿನ ಅಂಶ, ಕೊಳೆ ಎಲ್ಲ ನೀರಿನ ಜೊತೆ ಹೊರಮೈಗೆ ಬರುತ್ತದೆ. ನೀರು ಆವಿಯಾಗುತ್ತದೆ, ಅವು ಅಲ್ಲೇ ನಿಲ್ಲುತ್ತವೆ. ಬಿಸಿಲಲ್ಲಿಟ್ಟರೆ ಇದೆಲ್ಲ ಬೇಗ ಆಗುತ್ತದೆ, ಗೆರೆ ಇನ್ನೂ ಗಾಢ.

ಇದಕ್ಕೆ ಎರಡು ಮದ್ದು. ಸೋಪು ಕಡಿಮೆ ಹಾಕಿ, ಒರೆಸುವುದು ಜಾಸ್ತಿ ಮಾಡಿ. ಬೆರಳುಗಳ ನಡುವೆ ಕ್ಯಾನ್ವಾಸ್ ಒತ್ತಿದಾಗ ಜಾರು ಜಾರು ಅನಿಸಿದರೆ ಸೋಪು ಇನ್ನೂ ಇದೆ. ಎರಡನೆಯದು, ಒದ್ದೆ ಕ್ಯಾನ್ವಾಸ್ ಮೇಲೆ ಬಿಳಿ ಟಿಶ್ಯೂ ಕಾಗದವನ್ನು ಗಾಳಿ ಇಲ್ಲದ ಹಾಗೆ ಅಂಟಿಸಿ ಒಣಗಲು ಬಿಡಿ. ಈಗ ನೀರು ಕಾಗದದ ಹೊರಮೈಯಿಂದ ಆವಿಯಾಗುತ್ತದೆ, ಹಳದಿಯೂ ಕಾಗದದ ಮೇಲೇ ನಿಲ್ಲುತ್ತದೆ. ಒಣಗಿದ ಮೇಲೆ ಬಿಡಿಸಿ ನೋಡಿ, ಶೂ ಮೇಲೆ ಬರಬೇಕಿದ್ದ ಗೆರೆ ಟಿಶ್ಯೂ ಮೇಲೆ ಮೂಡಿರುತ್ತದೆ.

ಶೂ ಒಳಗೆ ತುಂಬಲು ನ್ಯೂಸ್‌ಪೇಪರ್ ಬೇಡ, ಇಂಕು ಬಿಡಬಹುದು. ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಅಥವಾ ಹಳೇ ಬಿಳಿ ಬನಿಯನ್ ಒಳ್ಳೆಯದು. ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಿ. ಶೂವನ್ನು ಪಕ್ಕಕ್ಕೆ ಒರಗಿಸಿ ಇಟ್ಟರೆ ಅಟ್ಟೆಗೂ ಗಾಳಿ ಸಿಗುತ್ತದೆ. ಫ್ಯಾನ್ ಸಾಕು. ಹೇರ್ ಡ್ರೈಯರ್, ಒಲೆಯ ಪಕ್ಕ, ಫ್ರಿಜ್ ಹಿಂದುಗಡೆ ಬೇಡವೇ ಬೇಡ. ಬಿಸಿಗೆ ಅಂಟು ಬಿಡುತ್ತದೆ, ಸ್ವೇಡ್ ಒಳಗಿನ ಜಿಡ್ಡು ಕಳೆದು ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಮಲೆನಾಡಿನ, ಕರಾವಳಿಯ ಆಷಾಢದಲ್ಲಿ ಎರಡು ದಿನ ಹಿಡಿಯಬಹುದು. ನಾಲಿಗೆಯ ಬುಡಕ್ಕೆ ಬೆರಳು ಹಾಕಿ ತಣ್ಣಗಿದ್ದರೆ ಇನ್ನೂ ಒದ್ದೆ ಇದೆ ಅಂತ ತಿಳಿಯಿರಿ. ಹಾಗೇ ಕಪಾಟಿನಲ್ಲಿಟ್ಟರೆ ಬೂಷ್ಟು ಗ್ಯಾರಂಟಿ.

ಒಂದು ಜೋಡಿ, ಮೊದಲಿಂದ ಕೊನೆಯವರೆಗೆ

ಈಗ ಆ ಕಷ್ಟದ ಶೂ ತೆಗೆದುಕೊಳ್ಳೋಣ. ಮುಂದುಗಡೆ ಕಡು ನೀಲಿ ಸ್ವೇಡ್, ಪಕ್ಕ ಬಿಳಿ ಕ್ಯಾನ್ವಾಸ್, ಬಿಳಿ ರಬ್ಬರ್ ಅಂಚು. ಸಂಜೆ ಮಳೆಯಲ್ಲಿ ಕೆಂಪು ಕೆಸರು ಸಿಡಿದಿದೆ. ಇಲ್ಲಿ ದೊಡ್ಡ ಭಯ ಒಂದೇ. ನೀಲಿ ಸ್ವೇಡ್ ಒದ್ದೆಯಾಗಿ ಅದರ ಬಣ್ಣ ಬಿಳಿ ಕ್ಯಾನ್ವಾಸಿಗೆ ಇಳಿಯುವುದು. ಇಳಿದರೆ ಮನೆಯಲ್ಲಿ ತೆಗೆಯುವುದು ಬಹುತೇಕ ಆಗದ ಮಾತು. ಇಂಥ ಶೂವನ್ನು ಬಕೆಟ್ಟಿಗಾಗಲಿ ಮೆಷಿನ್ನಿಗಾಗಲಿ ಹಾಕಬಾರದು ಅನ್ನುವುದು ಇದಕ್ಕೇ.

ರಾತ್ರಿ ಲೇಸ್, ಇನ್‌ಸೋಲ್ ತೆಗೆದು, ಒಳಗೆ ಕಾಗದ ತುಂಬಿ, ಫ್ಯಾನಿನ ಕೆಳಗಿಡಿ. ಕೆಸರು ಮುಟ್ಟಬೇಡಿ. ಲೇಸನ್ನು ಸೋಪಿನ ನೀರಲ್ಲಿ ಬೇರೆ ನೆನೆಸಿ. ಬೆಳಿಗ್ಗೆ ಎರಡು ಶೂ ಅಟ್ಟೆಗಳನ್ನು ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ. ಒಣ ಬ್ರಷ್ಷಿನಲ್ಲಿ ಮೊದಲು ಸ್ವೇಡ್, ಆಮೇಲೆ ಕ್ಯಾನ್ವಾಸ್. ಸ್ವೇಡ್ ಮೇಲೆ ಉಳಿದ ಗೆರೆಗೆ ಬಿಳಿ ರಬ್ಬರ್. ಇಲ್ಲಿಯವರೆಗೆ ಒಂದು ಹನಿ ನೀರೂ ಬಂದಿಲ್ಲ, ಅರ್ಧಕ್ಕಿಂತ ಹೆಚ್ಚು ಕೊಳೆ ಹೋಗಿದೆ.

ಈಗ ಬಣ್ಣದ ಪರೀಕ್ಷೆ. ಬಿಳಿ ಬಟ್ಟೆಯ ತುದಿ ಒದ್ದೆ ಮಾಡಿ, ಹಿಮ್ಮಡಿಯ ಸ್ವೇಡ್ ಮೇಲೆ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬಟ್ಟೆ ಬೆಳ್ಳಗೇ ಇದ್ದರೆ ಮುಂದುವರಿಯಬಹುದು. ನೀಲಿ ಬಂದರೆ ಸ್ವೇಡ್ ಹತ್ತಿರದ ಒಂದು ಬೆರಳಗಲ ಕ್ಯಾನ್ವಾಸಿಗೆ ನೊರೆ ತರಬೇಡಿ, ಅಲ್ಲಿ ರಬ್ಬರ್ ಮತ್ತು ಒಣ ಬ್ರಷ್ಷಿನಲ್ಲೇ ಸಮಾಧಾನ ಮಾಡಿಕೊಳ್ಳಿ.

ರಬ್ಬರ್ ಅಂಚನ್ನು ಸೋಡಾ ಪೇಸ್ಟಿನಲ್ಲಿ ಉಜ್ಜಿ ಒರೆಸಿ. ಇದನ್ನು ಮೊದಲೇ ಮುಗಿಸಿ, ಏಕೆಂದರೆ ಇಲ್ಲಿಂದ ಸಿಡಿದ ಕೊಳೆ ಕ್ಯಾನ್ವಾಸಿಗೆ ಬೀಳುತ್ತದೆ. ಆಮೇಲೆ ಕ್ಯಾನ್ವಾಸ್. ಎಡಗೈಯಲ್ಲಿ ಒಣ ಬಟ್ಟೆಯನ್ನು ಸ್ವೇಡ್ ಮೇಲೆ ಮುಚ್ಚಿ ಹಿಡಿದು, ಬಲಗೈಯಲ್ಲಿ ಬ್ರಷ್ಷನ್ನು ಸ್ವೇಡಿನಿಂದ ದೂರಕ್ಕೆ ಎಳೆಯುವ ಹಾಗೆ ಉಜ್ಜಿ. ಶೂವನ್ನು ಸ್ವೇಡ್ ಮೇಲುಗಡೆ ಬರುವ ಹಾಗೆ ಓರೆ ಹಿಡಿದರೆ ನೀರು ಆ ಕಡೆ ಹರಿಯುವುದಿಲ್ಲ. ಒಂದು ಸುತ್ತು ನೊರೆ, ಎರಡು ಸುತ್ತು ಬರೀ ನೀರಿನ ಬಟ್ಟೆ. ಕೊನೆಯ ಸುತ್ತಿಗೆ ಬೋರ್‌ವೆಲ್ ನೀರಿನ ಬದಲು ಕುಡಿಯುವ ಫಿಲ್ಟರ್ ನೀರು ಒಂದು ಲೋಟ ಬಳಸಿ. ಕೆಂಪು ಉಳಿದ ಕಡೆ ಇಯರ್‌ಬಡ್ಡಿನಲ್ಲಿ ನಿಂಬೆ ನೀರು, ಹತ್ತು ನಿಮಿಷ, ಮತ್ತೆ ಒರೆಸುವುದು.

ಟಿಶ್ಯೂ ಕಾಗದ ಕ್ಯಾನ್ವಾಸ್ ಮೇಲೆ ಮಾತ್ರ ಅಂಟಿಸಿ. ಸ್ವೇಡ್ ಮೇಲೆ ಬೇಡ. ಅಕಸ್ಮಾತ್ ಸ್ವೇಡ್ ಅಂಚು ಒದ್ದೆಯಾಗಿದ್ದರೆ ಅಷ್ಟನ್ನೇ ಹಾಗೆ ಬಿಟ್ಟರೆ ಉಂಗುರ ಬರುತ್ತದೆ. ಪರೀಕ್ಷೆಯಲ್ಲಿ ಬಣ್ಣ ಬಿಡದ ಸ್ವೇಡ್ ಆದರೆ ಆ ತುಂಡನ್ನು ಪೂರ್ತಿ ತೆಳ್ಳಗೆ ಒದ್ದೆ ಮಾಡಿ ಸಮ ಮಾಡಿ. ಬಣ್ಣ ಬಿಡುವುದಾದರೆ ಒಣ ಬಟ್ಟೆ ಒತ್ತಿ ನೀರು ಹೀರಿಸಿ ಬಿಡಿ, ಉಂಗುರವನ್ನು ಒಣಗಿದ ಮೇಲೆ ಬ್ರಷ್ಷಿನಲ್ಲಿ ನೋಡಿಕೊಳ್ಳಬಹುದು. ಪೂರ್ತಿ ಒಣಗಿದ ಮೇಲೆ ಸ್ವೇಡ್‌ಗೆ ಕೊನೆಯ ಬ್ರಷ್. ಮೊದಲು ಎದುರು ದಿಕ್ಕಿಗೆ, ಆಮೇಲೆ ಒಂದೇ ದಿಕ್ಕಿಗೆ.

ಸ್ಪ್ರೇ ಬೇಕಾ

ಸ್ವೇಡ್ ಶೂ ಮಳೆಯಲ್ಲಿ ಹಾಕುವವರಿಗೆ ನೀರು ತಡೆಯುವ ಸ್ಪ್ರೇ ಬೇಕು. ಕ್ಯಾನ್ವಾಸಿಗೆ ಅಷ್ಟೇನೂ ಬೇಡ, ತೊಳೆಯಬಹುದಲ್ಲ. ಡಬ್ಬದ ಮೇಲೆ ಸ್ವೇಡ್, ನುಬಕ್ ಅಂತ ಬರೆದಿರಬೇಕು. ಶುಚಿಯಾಗಿ ಒಣಗಿದ ಶೂ ಮೇಲೆ ಮಾತ್ರ ಹೊಡೆಯಿರಿ, ಇಲ್ಲದಿದ್ದರೆ ಕೊಳೆಯೂ ಒಳಗೇ ಉಳಿಯುತ್ತದೆ. ಒಂದು ಗೇಣು ದೂರದಿಂದ ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಹತ್ತಿರದಿಂದ ಹೊಡೆದರೆ ಕಪ್ಪು ಮಚ್ಚೆ ಬೀಳುತ್ತದೆ. ಇದನ್ನು ಮನೆಯೊಳಗೆ, ಬಾತ್‌ರೂಮಿನಲ್ಲಿ ಮಾಡಬೇಡಿ. ಆ ಹನಿ ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ತೊಂದರೆ. ಟೆರೇಸ್ ಅಥವಾ ಅಂಗಳ, ಗಾಳಿ ನಿಮ್ಮ ಬೆನ್ನಿಗೆ ಬರುವ ಹಾಗೆ ನಿಂತು, ಮಕ್ಕಳನ್ನು ದೂರ ಇಟ್ಟು ಹೊಡೆಯಿರಿ. ಕೆಲವು ಮಳೆ ಆದ ಮೇಲೆ ನೀರಿನ ಹನಿ ಮುತ್ತಿನಂತೆ ನಿಲ್ಲದೆ ಒಳಗಿಳಿದರೆ ಮತ್ತೆ ಹೊಡೆಯುವ ಕಾಲ ಬಂತು.

ಮನೆಯೋ ಅಂಗಡಿಯೋ

ಈಗ ಊರುಗಳಲ್ಲಿ ಶೂ ಲಾಂಡ್ರಿ ಅಂಗಡಿಗಳಿವೆ. ಕೆಸರು, ಧೂಳು, ನೀರಿನ ಉಂಗುರ, ಎಣ್ಣೆ, ಬೂಷ್ಟು, ಇವಕ್ಕೆ ಅಲ್ಲಿಗೆ ಹೋಗುವ ಅಗತ್ಯ ಇಲ್ಲ. ಸ್ವೇಡ್ ಮೇಲಿನ ಬೂಷ್ಟನ್ನು ಮನೆ ಹೊರಗೆ ಬ್ರಷ್ ಮಾಡಿ, ಸ್ಪಿರಿಟ್ ಮತ್ತು ನೀರು ಸಮ ಬೆರೆಸಿದ್ದನ್ನು ಬಟ್ಟೆಗೆ ಹಚ್ಚಿ ಹಗುರವಾಗಿ ಒತ್ತಿದರೆ ಸಾಕು, ಬಣ್ಣದ ಪರೀಕ್ಷೆ ಮಾತ್ರ ಮರೆಯಬೇಡಿ. ತಿಳಿ ಸ್ವೇಡ್ ಮೇಲೆ ಸಾಂಬಾರ್ ಚೆಲ್ಲಿದ್ದರೆ, ಜೀನ್ಸಿನ ನೀಲಿ ಸ್ವೇಡ್‌ಗೆ ಅಂಟಿದ್ದರೆ, ಸ್ವೇಡಿನ ಬಣ್ಣ ಕ್ಯಾನ್ವಾಸಿಗೆ ಇಳಿದಿದ್ದರೆ, ಅಥವಾ ಸ್ವೇಡ್ ಅಲ್ಲಲ್ಲಿ ಬೆಳ್ಳಗಾಗಿದ್ದರೆ ಅಂಗಡಿಗೆ ಕೊಡಿ. ಮತ್ತೆ ಬಣ್ಣ ಕಟ್ಟುವ ಕೆಲಸ ಮನೆಯಲ್ಲಿ ಆಗುವುದಲ್ಲ.

ಕೊಡುವ ಮೊದಲು ಮೂರು ಮಾತು ಕೇಳಿ. ಸ್ವೇಡನ್ನು ನೀರಿಗೆ ಅದ್ದುತ್ತೀರಾ? ಒಣಗಿಸುವುದು ಬಿಸಿ ಗಾಳಿಯಲ್ಲೋ ತಣ್ಣನೆ ಗಾಳಿಯಲ್ಲೋ? ಬಣ್ಣ ಹಾಕುವುದಾದರೆ ಮೊದಲು ಸಣ್ಣ ಜಾಗದಲ್ಲಿ ಹಾಕಿ ತೋರಿಸುತ್ತೀರಾ? ಅದ್ದುತ್ತೇವೆ, ಬಿಸಿ ಗಾಳಿ ಅಂತ ಉತ್ತರ ಬಂದರೆ ಶೂ ವಾಪಸ್ ತಗೊಂಡು ಬನ್ನಿ. ಕೊಡುವಾಗ ಎರಡೂ ಶೂಗಳ ಫೋಟೋ ತೆಗೆದಿಟ್ಟುಕೊಳ್ಳಿ, ಕಲೆ ಎಣ್ಣೆಯದೋ ಇಂಕಿನದೋ ಸಾಂಬಾರಿನದೋ ಅಂತ ಅವರಿಗೆ ಬಾಯಿಬಿಟ್ಟು ಹೇಳಿ. ಅವರು ಯಾವ ಮದ್ದು ಹಾಕಬೇಕು ಅನ್ನುವುದು ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.